ಆರು ಸಾವಿರ ಕಾಮೆಂಟ್, ಮೂರು ಜೀನ್ಸ್: ಗಿವ್‌ಅವೇ ವಿಜೇತರನ್ನು ಅನುಮಾನಕ್ಕೆ ಜಾಗವಿಲ್ಲದಂತೆ ಆರಿಸುವುದು ಹೇಗೆ?

ಬಳ್ಳಾರಿಯಲ್ಲಿ ಈಗ ಹಬ್ಬ ಬಂತೆಂದರೆ ಇನ್‌ಸ್ಟಾಗ್ರಾಂ ತುಂಬಾ ಗಿವ್‌ಅವೇಗಳೇ, ಅಂದರೆ ಕಾಮೆಂಟ್ ಮಾಡಿದವರಲ್ಲಿ ಕೆಲವರನ್ನು ಆರಿಸಿ ಉಚಿತ ಬಹುಮಾನ ಕೊಡುವುದು. ಜೀನ್ಸ್ ಅಂಗಡಿ, ಮೊಬೈಲ್ ಅಂಗಡಿ, ಬಿರಿಯಾನಿ ಹೋಟೆಲ್, ಯಾರನ್ನೂ ಬಿಟ್ಟಿಲ್ಲ. ಹೆಸರು ಘೋಷಣೆಯಾದ ಮರುಕ್ಷಣವೇ ಕೆಳಗೆ ಇನ್ನೊಂದು ಕಾಮೆಂಟ್ ಬರುತ್ತದೆ: "ಅಣ್ಣಾರ, ನಿಮ್ಮ ಸಂಬಂಧಿಕರಿಗೇ ಬಂತಲ್ರೀ!" ಅಂಗಡಿಯವರು ನಿಜವಾಗಿಯೂ ಪ್ರಾಮಾಣಿಕವಾಗಿ ಆರಿಸಿರಬಹುದು. ಆದರೆ ಅದನ್ನು ತೋರಿಸಲು ಅವರ ಹತ್ತಿರ ಏನೂ ಇರುವುದಿಲ್ಲ. ಹೆಸರು ಆರಿಸುವ ಆನ್‌ಲೈನ್ ಚಕ್ರ ತಿರುಗಿಸಿದ ವಿಡಿಯೋ ಒಂದಿರುತ್ತದೆ, ಅಷ್ಟೇ. ಆ ವಿಡಿಯೋ ಒಂದು ಸಲ ಚಕ್ರ ತಿರುಗಿದ್ದನ್ನು ತೋರಿಸುತ್ತದೆ. ಅದಕ್ಕೂ ಮುಂಚೆ ನಾಲ್ಕು ಸಲ ತಿರುಗಿಸಿ, ಬೇಡದ ಹೆಸರು ಬಂದಾಗ ಬಿಟ್ಟುಬಿಟ್ಟಿದ್ದರೆ ಅದು ಅದರಲ್ಲಿ ಕಾಣುವುದಿಲ್ಲ.

ಹಾಗಾಗಿ ಇಲ್ಲಿ ಎರಡು ಕೆಲಸ ಇವೆ. ಒಂದು, ಪಟ್ಟಿ ಸರಿ ಇರಬೇಕು: ಬಂದವರೆಲ್ಲ ಇರಬೇಕು, ಒಬ್ಬರು ಒಂದೇ ಸಲ ಇರಬೇಕು. ಎರಡು, ಆಯ್ಕೆ ಅಂಗಡಿಯವರ ಕೈಯಲ್ಲೇ ಇರಬಾರದು. ಮನಸ್ಸು ಮಾಡಿದರೂ ತಮಗೆ ಬೇಕಾದವರನ್ನು ಗೆಲ್ಲಿಸಲು ಅವರಿಗೆ ಆಗಬಾರದು. ಎರಡನೆಯದಕ್ಕೆ ಒಂದು ಒಳ್ಳೆಯ ದಾರಿ ಇದೆ, ದುಡ್ಡು ಕೂಡ ಬೇಕಿಲ್ಲ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಅಂಗಡಿ ಅಂದುಕೊಳ್ಳಿ. ದೀಪಾವಳಿಗೆ ಮೂರು ಜನಕ್ಕೆ ಒಂದೊಂದು ಜೀನ್ಸ್ ಉಚಿತ. "ಪೇಜ್ ಫಾಲೋ ಮಾಡಿ, ನಿಮಗೆ ಯಾವ ಬಣ್ಣ ಬೇಕು ಅಂತ ಕಾಮೆಂಟ್ ಮಾಡಿ, ಭಾನುವಾರ ರಾತ್ರಿ 8ರವರೆಗೆ ಸಮಯ" ಅಂತ ರೀಲ್ ಹಾಕಿದ್ದಾರೆ. ಅಂಕಿಗಳೆಲ್ಲ ಉದಾಹರಣೆಗೆ ನಾನೇ ಇಟ್ಟವು: ರೀಲ್ ಕೆಳಗೆ 6,140 ಕಾಮೆಂಟ್ ಎಂದು ತೋರಿಸುತ್ತಿದೆ.

ಮೊದಲು ಪಟ್ಟಿ ಪೂರ್ತಿ ಸಿಗಬೇಕು

ಪರದೆ ಸ್ಕ್ರೋಲ್ ಮಾಡಿ ಕಣ್ಣುಮುಚ್ಚಿ ಬೆರಳಿಡುವುದು ಎಲ್ಲಕ್ಕಿಂತ ಕೆಟ್ಟ ವಿಧಾನ. ಇನ್‌ಸ್ಟಾಗ್ರಾಂ ಕಾಮೆಂಟ್‌ಗಳನ್ನು ಬಂದ ಕ್ರಮದಲ್ಲಿ ತೋರಿಸುವುದಿಲ್ಲ. ಲೈಕ್ ಜಾಸ್ತಿ ಬಂದವು, ನಿಮಗೆ ಪರಿಚಯದವರದು ಮೇಲೆ ಬರುತ್ತವೆ. ಅಂದರೆ ಅಂಗಡಿಯವರು ತಮ್ಮ ಫೋನಿನಲ್ಲಿ ಸ್ಕ್ರೋಲ್ ಮಾಡಿದರೆ ಅವರ ಗೆಳೆಯರೇ ಬೆರಳಿಗೆ ಸಿಗುವ ಸಾಧ್ಯತೆ ಜಾಸ್ತಿ. ಮೋಸ ಮಾಡುವ ಉದ್ದೇಶವೇ ಬೇಕಿಲ್ಲ.

ಆದ್ದರಿಂದ ಕಾಮೆಂಟ್‌ಗಳನ್ನು ಫೈಲ್ ಆಗಿ ಇಳಿಸಿಕೊಳ್ಳಬೇಕು. ಬಿಸಿನೆಸ್ ಅಥವಾ ಕ್ರಿಯೇಟರ್ ಖಾತೆ ಇದ್ದರೆ ಇನ್‌ಸ್ಟಾಗ್ರಾಂನ ಅಧಿಕೃತ ಎಪಿಐ, ಅಂದರೆ ಬೇರೆ ಟೂಲ್‌ಗಳು ಅನುಮತಿ ಪಡೆದು ಮಾಹಿತಿ ಕೇಳುವ ದಾರಿಯ ಮೂಲಕ ಇದು ಸಾಧ್ಯ. ಕಾಮೆಂಟ್ ತೆಗೆದುಕೊಡುವ ಒಳ್ಳೆಯ ಟೂಲ್‌ಗಳು ಇದನ್ನೇ ಬಳಸುತ್ತವೆ. ಅವು ಇನ್‌ಸ್ಟಾಗ್ರಾಂನ ಮಾತೃಸಂಸ್ಥೆ ಮೆಟಾದ ಸ್ವಂತ ಲಾಗಿನ್ ಪುಟಕ್ಕೆ ಕಳಿಸಿ ಅನುಮತಿ ಕೇಳುತ್ತವೆ. ತನ್ನದೇ ಪುಟದಲ್ಲಿ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೇಳುವ ಟೂಲ್ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಎಪಿಐ ಒಂದು ಸಲಕ್ಕೆ ಹೆಚ್ಚೆಂದರೆ 50 ಕಾಮೆಂಟ್ ಕೊಡುತ್ತದೆ, ಅದೂ ಹೊಸತು ಮೊದಲು. ಸಾವಿರಾರು ಕಾಮೆಂಟ್ ಬೇಕೆಂದರೆ ಟೂಲ್ ನೂರಕ್ಕೂ ಜಾಸ್ತಿ ಸಲ ಮುಂದಿನ ಪುಟ ಕೇಳಬೇಕು. ನೆಟ್ ಕೈಕೊಟ್ಟಿತು, ಅಥವಾ ಉಚಿತ ಆವೃತ್ತಿಯ ಮಿತಿ ಮುಗಿಯಿತು ಅಂದುಕೊಳ್ಳಿ. ಟೂಲ್ ಅರ್ಧಕ್ಕೇ ನಿಂತುಬಿಡುತ್ತದೆ. ಆಗ ಬಿಟ್ಟುಹೋಗುವವರು ಯಾರು? ರೀಲ್ ಬಂದ ಮೊದಲ ದಿನವೇ ಕಾಮೆಂಟ್ ಮಾಡಿದವರು. ಅಂಗಡಿಯ ಅತ್ಯಂತ ನಿಷ್ಠಾವಂತ ಗಿರಾಕಿಗಳೇ ಪಟ್ಟಿಯಲ್ಲಿ ಇರುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ.

ಇದನ್ನು ಪತ್ತೆಹಚ್ಚಲು ಒಟ್ಟು ಸಂಖ್ಯೆ ಒಂದನ್ನೇ ನಂಬಬೇಡಿ. ರೀಲ್ ಕೆಳಗಿನ 6,140ರಲ್ಲಿ ಕಾಮೆಂಟಿಗೆ ಬಂದ ಉತ್ತರಗಳೂ ಸೇರಿರುತ್ತವೆ, ಹಾಗಾಗಿ ಫೈಲಿನಲ್ಲಿ ಕಮ್ಮಿ ಇರುವುದು ಸಹಜ. ನಮ್ಮ ಉದಾಹರಣೆಯಲ್ಲಿ 520 ಉತ್ತರಗಳು, ಉಳಿದ 5,620 ನೇರ ಕಾಮೆಂಟ್‌ಗಳು. ಉತ್ತರಗಳು ಲೆಕ್ಕಕ್ಕೆ ಬರುತ್ತವೆಯೋ ಇಲ್ಲವೋ ಎಂದು ನಿಯಮದಲ್ಲಿ ಮೊದಲೇ ಹೇಳಿರಬೇಕು. ಆಮೇಲೆ ಹೀಗೆ ಪರೀಕ್ಷಿಸಿ: ಮೊದಲ ದಿನ, ನಡುವೆ, ಕೊನೆಯ ಗಂಟೆಯಲ್ಲಿ ಕಾಮೆಂಟ್ ಮಾಡಿದ ಮೂರ್ನಾಲ್ಕು ಜನರ ಖಾತೆ ಹೆಸರನ್ನು ರೀಲ್‌ನಿಂದಲೇ ಬರೆದುಕೊಂಡು ಫೈಲಿನಲ್ಲಿ ಹುಡುಕಿ. ಮೊದಲ ದಿನದವರು ಸಿಗದಿದ್ದರೆ ಪಟ್ಟಿ ಅರ್ಧಕ್ಕೇ ನಿಂತಿದೆ ಎಂದೇ ಅರ್ಥ.

ಸಮಯದ ವಿಷಯ ಇನ್ನೊಂದು. ಫೈಲಿನಲ್ಲಿ ಸಮಯ ಹೀಗಿರುತ್ತದೆ:

```
2025-10-12T14:29:58+0000
```

ಕೊನೆಯ `+0000` ನೋಡಿ. ಇದು ನಮ್ಮ ಸಮಯ ಅಲ್ಲ, ಗ್ರೀನಿಚ್ ಲೆಕ್ಕದ ಜಾಗತಿಕ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಈ ಕಾಮೆಂಟ್ ಬಂದದ್ದು ಭಾನುವಾರ ರಾತ್ರಿ 7:59:58ಕ್ಕೆ, ಎರಡು ಸೆಕೆಂಡ್ ಉಳಿದಿರುವಾಗ. ಗಡುವು ಫೈಲಿನ ಲೆಕ್ಕದಲ್ಲಿ 14:30. ಇದು ಗೊತ್ತಿಲ್ಲದೆ 20:00 ಎಂದು ಹಿಡಿದರೆ ನಡುರಾತ್ರಿ ಒಂದೂವರೆವರೆಗೆ ಬಂದವರೆಲ್ಲ ಒಳಗೆ ಬರುತ್ತಾರೆ. ನಮ್ಮ ಉದಾಹರಣೆಯಲ್ಲಿ ತಡವಾಗಿ ಬಂದವು 130. ಉಳಿದದ್ದು 5,490.

ಒಬ್ಬರಿಗೆ ಒಂದೇ ಚೀಟಿ

ಈಗ ಒಬ್ಬರೇ ಮತ್ತೆ ಮತ್ತೆ ಹಾಕಿದ ಕಾಮೆಂಟ್‌ಗಳು. ಒಂದು ಖಾತೆಯಿಂದ 212 ಸಲ "ಬ್ಲೂ ಬ್ಲೂ" ಎಂದು ಬಂದಿದೆ ಅಂದುಕೊಳ್ಳಿ. ಹಾಗೇ ಬಿಟ್ಟರೆ ಮೊದಲ ಬಹುಮಾನ ಅವರಿಗೆ ಸಿಗುವ ಸಾಧ್ಯತೆ ಹೆಚ್ಚುಕಮ್ಮಿ 26ಕ್ಕೆ ಒಂದು. ಒಂದೇ ಸಲ ಬರೆದು ಸುಮ್ನೆ ಕೂತವರಿಗೆ 5,490ಕ್ಕೆ ಒಂದು. ಕೆಲವು ಪೇಜ್‌ಗಳು "ಎಷ್ಟು ಕಾಮೆಂಟೋ ಅಷ್ಟು ಚಾನ್ಸ್" ಎಂದೇ ಹೇಳುತ್ತವೆ. ಮೊದಲೇ ಹೇಳಿದ್ದರೆ ಅದು ಮೋಸ ಅಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಬೇಡ. ಕೆಲಸಕ್ಕೆ ಹೋಗುವವರಿಗಿಂತ ದಿನವಿಡೀ ಫೋನ್ ಹಿಡಿದು ಕೂತವರಿಗೇ ಜೀನ್ಸ್ ಹೋಗುತ್ತದೆ.

ಒಂದೇ ಖಾತೆಯ ಪುನರಾವರ್ತನೆ ತೆಗೆಯುವುದು ಸುಲಭ. ಇನ್‌ಸ್ಟಾಗ್ರಾಂನಲ್ಲಿ ಖಾತೆ ಹೆಸರು ಒಬ್ಬರಿಗೆ ಒಂದೇ. ಗೂಗಲ್ ಶೀಟ್ಸ್‌ನಲ್ಲಿ ಹೆಸರುಗಳು ಬಿ ಕಾಲಂನಲ್ಲಿದ್ದರೆ `=UNIQUE(B2:B)` ಬರೆದರೆ ಸಾಕು. ಫೇಸ್‌ಬುಕ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಕಾಣುವ ಹೆಸರು ಒಂದೇ ಇದ್ದು ಜನ ಬೇರೆ ಇರಬಹುದು. ನಮ್ಮ ಕಡೆ ಮಲ್ಲಿಕಾರ್ಜುನ, ಹುಸೇನಪ್ಪ, ಬಸಮ್ಮ ಎಷ್ಟು ಜನ ಇದ್ದಾರೆ ಎಂದು ಹೇಳಬೇಕಿಲ್ಲ. ಹೆಸರು ನೋಡಿ ತೆಗೆದರೆ ನಿಜವಾದ ಜನರೇ ಹೊರಗೆ ಹೋಗುತ್ತಾರೆ. ಅಲ್ಲಿ ಖಾತೆಯ ಐಡಿ ಸಂಖ್ಯೆ ನೋಡಬೇಕು, ಯೂಟ್ಯೂಬ್‌ನಲ್ಲಿ ಚಾನೆಲ್ ಐಡಿ.

ನಮ್ಮ ಉದಾಹರಣೆಯಲ್ಲಿ 5,490 ಕಾಮೆಂಟ್‌ಗಳ ಹಿಂದೆ ಇದ್ದ ಖಾತೆಗಳು 3,870. ಅಂಗಡಿಯ ಸಿಬ್ಬಂದಿ ಮತ್ತು ಮನೆಯವರ 14 ಖಾತೆಗಳನ್ನು ನಿಯಮದ ಪ್ರಕಾರ ತೆಗೆದರೆ 3,856.

ಒಬ್ಬರೇ ಇಪ್ಪತ್ತು ಖಾತೆ ತೆರೆದಿದ್ದರೆ? ಇದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಸುಳಿವು ಸಿಗುತ್ತವೆ: ಒಂದೇ ಹೆಸರಿಗೆ 01, 02, 03 ಸೇರಿಸಿದ ಖಾತೆಗಳು, ಕೆಲವೇ ಸೆಕೆಂಡ್ ಅಂತರದಲ್ಲಿ ಬಂದ ಅದೇ ಮಾತು, ಒಂದೂ ಫೋಟೋ ಇಲ್ಲದ ಪ್ರೊಫೈಲ್. ಆದರೆ ಬರೀ ಅನುಮಾನದ ಮೇಲೆ ಪಟ್ಟಿಯಿಂದ ಹೆಸರು ತೆಗೆಯಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊನ್ನೆ ಮೊನ್ನೆ ಫೋನ್ ಕೊಂಡ ಕಾಲೇಜು ಹುಡುಗಿಯ ಖಾತೆಯೂ ಹಾಗೇ ಖಾಲಿ ಇರುತ್ತದೆ. ಆಯ್ಕೆಗೆ ಮುಂಚೆ ಕೈಯಿಂದ ಹೆಸರು ಅಳಿಸಲು ಶುರು ಮಾಡಿದರೆ ಪಕ್ಷಪಾತ ಹಿಂಬಾಗಿಲಿನಿಂದ ಒಳಗೆ ಬಂದಂತೆಯೇ. ಪರಿಶೀಲನೆ ಗೆದ್ದವರಿಗೆ ಮಾತ್ರ, ಗೆದ್ದ ಮೇಲೆ ಇರಲಿ. ಒಂದು ಮನೆಗೆ ಒಂದೇ ಬಹುಮಾನ, ಒಂದು ಮೊಬೈಲ್ ನಂಬರಿಗೆ ಒಂದೇ ಬಹುಮಾನ ಎಂಬ ನಿಯಮ ಹಾಕಿ. ಇಪ್ಪತ್ತು ಖಾತೆ ಇದ್ದವರಿಗೂ ಮೊದಲ ಬಹುಮಾನದ ಸಾಧ್ಯತೆ ಇಲ್ಲಿ 193ಕ್ಕೆ ಒಂದು. ಒಂದೇ ಖಾತೆ ಇದ್ದವರಿಗಿಂತ ಜಾಸ್ತಿಯೇ, ನಿಜ. ಆದರೆ ಅದಕ್ಕೆ ಹೆದರಿ ನೂರಾರು ಸಾಚಾ ಜನರನ್ನು ಹೊರಗೆ ಹಾಕುವುದು ದೊಡ್ಡ ಅನ್ಯಾಯ.

ಇನ್ನು ಬಣ್ಣದ ಉತ್ತರ. ಇದು ನಮ್ಮಂಥ ಊರುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಅನ್ಯಾಯ ಮಾಡುವ ಹಂತ. "ಬಣ್ಣ ಬರೆದವರು ಮಾತ್ರ" ಎಂದು ಟೂಲ್‌ನಲ್ಲಿ `blue`, `black` ಎಂದು ಫಿಲ್ಟರ್ ಹಾಕುತ್ತಾರೆ. ಜನ ಬರೆದಿರುವುದು ಹೇಗೆ? "ನೀಲಿ", "ನೀಲಿ ಬಣ್ಣ ಅಣ್ಣ", `neeli`, `blu`, "ಬ್ಲೂ", ಕೆಲವರು ನೀಲಿ ಹೃದಯದ ಎಮೋಜಿ ಮಾತ್ರ. ತೆಲುಗಿನಲ್ಲಿ, ಉರ್ದುವಿನಲ್ಲಿ ಬರೆದವರೂ ಬಳ್ಳಾರಿಯಲ್ಲಿ ಇದ್ದೇ ಇರುತ್ತಾರೆ. ಫಿಲ್ಟರ್ ಇವರನ್ನೆಲ್ಲ ಸದ್ದಿಲ್ಲದೆ ಹೊರಗೆ ಹಾಕುತ್ತದೆ. ಇಂಗ್ಲಿಷಿನಲ್ಲಿ ಸರಿಯಾಗಿ ಬರೆದವರಷ್ಟೇ ಉಳಿಯುತ್ತಾರೆ. ಸೈಜ್ ಕೇಳಿದರೂ ಇದೇ ಕಥೆ: `32` ಎಂದು ಹುಡುಕಿದರೆ ೩೨ ಎಂದು ಬರೆದವರು ಸಿಗುವುದಿಲ್ಲ. ಬಣ್ಣ ಕೇಳುವುದು ಮಾತುಕತೆಗೆ ಮಾತ್ರ ಇರಲಿ. ಆಯ್ಕೆಗೆ ಅದನ್ನು ಷರತ್ತು ಮಾಡಬೇಡಿ. ಮಾಡಲೇಬೇಕಿದ್ದರೆ ಫಿಲ್ಟರ್ ಹೊರಗೆ ಹಾಕಿದ ಕಾಮೆಂಟ್‌ಗಳನ್ನು ಒಬ್ಬರು ಕೂತು ಓದಲೇಬೇಕು.

ಆಯ್ಕೆ ಯಾರ ಕೈಯಲ್ಲೂ ಇಲ್ಲದಂತೆ

ಈಗ ನಮ್ಮ ಹತ್ತಿರ 3,856 ಹೆಸರುಗಳ ಪಟ್ಟಿ ಇದೆ. ಸಾಮಾನ್ಯವಾಗಿ ಜನ ಶೀಟ್ಸ್‌ನಲ್ಲಿ ಪಕ್ಕದ ಕಾಲಂಗೆ ಯಾದೃಚ್ಛಿಕ ಸಂಖ್ಯೆ ಕೊಡುವ `=RAND()` ಹಾಕಿ, ಆ ಸಂಖ್ಯೆಗಳ ಕ್ರಮದಲ್ಲಿ ಹೆಸರು ಜೋಡಿಸುತ್ತಾರೆ. ಲೆಕ್ಕಾಚಾರದ ದೃಷ್ಟಿಯಿಂದ ತಪ್ಪಿಲ್ಲ. ತೊಂದರೆ ಏನೆಂದರೆ ಶೀಟ್‌ನಲ್ಲಿ ಏನು ಬದಲಿಸಿದರೂ ಆ ಸಂಖ್ಯೆಗಳೆಲ್ಲ ಹೊಸದಾಗುತ್ತವೆ. ಒಂದು ಖಾನೆ ಮುಟ್ಟಿದರೆ ಹೊಸ ವಿಜೇತರು. ಬೇಕಾದವರು ಬರುವವರೆಗೆ ಮುಟ್ಟುತ್ತಾ ಹೋಗಬಹುದು. ಹಾಗೆ ಮಾಡಲಿಲ್ಲ ಎಂದು ಸಾಬೀತು ಮಾಡುವುದೂ ಆಗುವುದಿಲ್ಲ.

ಇದಕ್ಕೆ ಪರಿಹಾರ ಮೂರು ಹೆಜ್ಜೆಯದು, ಕ್ರಮ ಮಾತ್ರ ತಪ್ಪಬಾರದು. ಮೊದಲು ಪಟ್ಟಿಯನ್ನು ಎಲ್ಲರ ಮುಂದೆ ಕಟ್ಟಿಹಾಕಬೇಕು. ಆಮೇಲೆ ಯಾರ ಹಿಡಿತದಲ್ಲೂ ಇಲ್ಲದ ಒಂದು ಸಾರ್ವಜನಿಕ ಸಂಖ್ಯೆಗೆ ಕಾಯಬೇಕು. ಆ ಸಂಖ್ಯೆ ಬಂದ ಮೇಲೆ, ಮೊದಲೇ ಹೇಳಿದ ಲೆಕ್ಕದಿಂದ ವಿಜೇತರು ತಾವಾಗೇ ಹೊರಬರಬೇಕು.

ಇದೇನೂ ಹೊಸ ಉಪಾಯ ಅಲ್ಲ. ಇಂಟರ್‌ನೆಟ್‌ನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ತನ್ನ ನಾಮನಿರ್ದೇಶನ ಸಮಿತಿಗೆ ಸ್ವಯಂಸೇವಕರನ್ನು ಆರಿಸಲು ಇಂಥದ್ದೇ ವಿಧಾನವನ್ನು 2004ರಲ್ಲಿ ಆರ್‌ಎಫ್‌ಸಿ 3797 ಎಂಬ ದಾಖಲೆಯಲ್ಲಿ ಬರೆದಿಟ್ಟಿದೆ. ಅಲ್ಲಿ ಷೇರು ಬೆಲೆ, ಸರ್ಕಾರಿ ಲಾಟರಿಯ ಸಂಖ್ಯೆಯಂಥವನ್ನು ಬಳಸಬಹುದು ಎಂದಿದೆ. ನಮಗೆ ಸುಲಭವಾಗಿ ಸಿಗುವುದು ಸೆನ್ಸೆಕ್ಸ್ ಮತ್ತು ನಿಫ್ಟಿ. ಸಂಜೆ ಟಿವಿಯಲ್ಲಿ, ಮರುದಿನ ಪೇಪರಿನಲ್ಲಿ, ಎರಡೂ ಷೇರುಪೇಟೆಗಳ ವೆಬ್‌ಸೈಟಿನಲ್ಲಿ ಬರುತ್ತವೆ. ಇವತ್ತು ಪೇಟೆ ಎರಡು ದಶಮಾಂಶದವರೆಗೆ ಎಷ್ಟಕ್ಕೆ ಮುಗಿಯುತ್ತದೆ ಎಂದು ಯಾರೂ ಹೇಳಲಾರರು. ಜೀನ್ಸ್ ಅಂಗಡಿಯವರಂತೂ ಅದನ್ನು ಅಲುಗಾಡಿಸಲಾರರು.

ಪಟ್ಟಿಯನ್ನು ಕಟ್ಟಿಹಾಕುವುದು ಹೇಗೆ? ಎಸ್‌ಎಚ್‌ಎ 256 ಎಂಬ ಲೆಕ್ಕ ಒಂದಿದೆ. ಯಾವ ಫೈಲ್ ಕೊಟ್ಟರೂ ಅದು 64 ಅಕ್ಷರಗಳ ಒಂದು ಬೆರಳಚ್ಚು ಕೊಡುತ್ತದೆ. ಅದೇ ಫೈಲಿಗೆ ಯಾವಾಗಲೂ ಅದೇ ಬೆರಳಚ್ಚು. ಒಂದು ಅಕ್ಷರ ಬದಲಾದರೂ ಪೂರ್ತಿ ಬೇರೆ. `hello` ಮತ್ತು `Hello` ಎಂಬ ಎರಡು ಪದಗಳ ಬೆರಳಚ್ಚು ನೋಡಿ, ವ್ಯತ್ಯಾಸ ಒಂದು ದೊಡ್ಡಕ್ಷರದ್ದು ಮಾತ್ರ:

```
2cf24dba5fb0a30e26e83b2ac5b9e29e1b161e5c1fa7425e73043362938b9824
185f8db32271fe25f561a6fc938b2e264306ec304eda518007d1764826381969
```

ಮತ ಎಣಿಕೆಗೆ ಮುಂಚೆ ಪೆಟ್ಟಿಗೆಗೆ ಎಲ್ಲರೆದುರು ಅರಗಿನ ಮುದ್ರೆ ಒತ್ತಿದಂತೆ ಇದು. ಬೆರಳಚ್ಚು ಪ್ರಕಟಿಸಿದ ಮೇಲೆ ಪಟ್ಟಿಗೆ ಒಂದು ಹೆಸರು ಸೇರಿಸಿದರೂ, ತೆಗೆದರೂ ಸಿಕ್ಕಿಬೀಳುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇದಕ್ಕೆ ಏನೂ ಹಾಕಿಕೊಳ್ಳಬೇಕಿಲ್ಲ. ಪಟ್ಟಿಯನ್ನು ಸಾಲಿಗೊಂದು ಖಾತೆ ಹೆಸರಿನಂತೆ `list.txt` ಎಂದು ಉಳಿಸಿ, ಅದೇ ಫೋಲ್ಡರಿನಲ್ಲಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಬರೆಯಿರಿ:

```
certutil -hashfile list.txt SHA256
```

ನಮ್ಮ ಅಂಗಡಿಯ ವೇಳಾಪಟ್ಟಿ ಹೀಗಿರಲಿ. ಭಾನುವಾರ ರಾತ್ರಿ 8ಕ್ಕೆ ಕಾಮೆಂಟ್ ಬಂದ್. ಸೋಮವಾರ ಮಧ್ಯಾಹ್ನ 12ಕ್ಕೆ ಪಟ್ಟಿಯ ಫೈಲ್ ಎಲ್ಲರಿಗೂ ಸಿಗುವಂತೆ ಹಾಕಬೇಕು. "ನನ್ನ ಹೆಸರಿಲ್ಲ" ಎನ್ನುವವರಿಗೆ ಒಂದು ದಿನ ಸಮಯ. ಈ ಒಂದು ದಿನ ಬಹಳ ಮುಖ್ಯ, ಏಕೆಂದರೆ ಅಂಗಡಿಯವರು ಯಾರದ್ದೋ ಕಾಮೆಂಟ್ ಅಳಿಸಿದ್ದರೆ ಅಥವಾ ಟೂಲ್ ಬಿಟ್ಟಿದ್ದರೆ ಗೊತ್ತಾಗುವುದು ಈಗಲೇ. ಮಂಗಳವಾರ ಮಧ್ಯಾಹ್ನ 12ಕ್ಕೆ ಕೊನೆಯ ಪಟ್ಟಿ ಮತ್ತು ಅದರ ಬೆರಳಚ್ಚು. ಬೆರಳಚ್ಚನ್ನು ಒಂದು ಚಿತ್ರವಾಗಿ ಪೋಸ್ಟ್ ಮಾಡಿ. ಪೋಸ್ಟಿನ ಬರಹವನ್ನು ಆಮೇಲೆ ತಿದ್ದಬಹುದು, ಚಿತ್ರವನ್ನು ಬದಲಿಸಲು ಆಗುವುದಿಲ್ಲ. ಮಧ್ಯಾಹ್ನ 3:30ಕ್ಕೆ ಷೇರುಪೇಟೆ ಮುಗಿಯುತ್ತದೆ. ಸಂಜೆ ಅಧಿಕೃತ ಮುಕ್ತಾಯದ ಅಂಕಿ ನೋಡಿಕೊಂಡು ಫಲಿತಾಂಶ. ಆ ದಿನ ಪೇಟೆಗೆ ರಜೆ ಇದ್ದರೆ ಮುಂದಿನ ವಹಿವಾಟಿನ ದಿನದ ಅಂಕಿ ಎಂದು ನಿಯಮದಲ್ಲೇ ಬರೆದಿಡಿ. ದೀಪಾವಳಿ ಸಮಯದಲ್ಲಿ ರಜೆ ಬರುವುದುಂಟು, ಅಲ್ವಾ.

ಕೊನೆಯ ಲೆಕ್ಕ ಸರಳ. ಸೆನ್ಸೆಕ್ಸ್ ಮುಕ್ತಾಯ 82345.67, ನಿಫ್ಟಿ 25234.10 ಎಂದು ಇಟ್ಟುಕೊಳ್ಳಿ. ಈ ಎರಡು ಸಂಖ್ಯೆ, ಅದರ ಮುಂದೆ ಒಬ್ಬರ ಖಾತೆ ಹೆಸರು, ನಡುವೆ `|` ಗೆರೆ ಹಾಕಿ ಜೋಡಿಸಿ ಅದರ ಬೆರಳಚ್ಚು ತೆಗೆಯಿರಿ. ಪಟ್ಟಿಯ ಎಲ್ಲರಿಗೂ ಹೀಗೇ ಮಾಡಿ. ಯಾರ ಬೆರಳಚ್ಚು ಎಲ್ಲಕ್ಕಿಂತ ಚಿಕ್ಕದೋ ಅವರು ಮೊದಲ ವಿಜೇತರು. ಅದಾದ ಮೇಲಿನವರು ಎರಡನೆಯವರು, ಹೀಗೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಷ್ಟೇ:

```python
import hashlib
seed = "82345.67|25234.10"
f = open("list.txt", encoding="utf-8-sig")
names = {x.strip().lower() for x in f if x.strip()}

def key(n):
    return hashlib.sha256((seed + "|" + n).encode()).hexdigest()

for n in sorted(names, key=key)[:8]:
    print(n, key(n))
```

ಪಟ್ಟಿ ಯಾವ ಕ್ರಮದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮೇಲಿದ್ದವರಿಗೆ ಲಾಭವಿಲ್ಲ, ಕೆಳಗಿದ್ದವರಿಗೆ ನಷ್ಟವಿಲ್ಲ. ಮತ್ತೆ ಒಬ್ಬರ ಬೆರಳಚ್ಚು ಇನ್ನೊಬ್ಬರ ಮೇಲೆ ನಿಂತಿಲ್ಲ. ಗೆದ್ದವರಲ್ಲಿ ಒಬ್ಬರು ಅಂಗಡಿಯ ಸಿಬ್ಬಂದಿ ಎಂದು ಆಮೇಲೆ ಗೊತ್ತಾದರೆ ಅವರೊಬ್ಬರನ್ನು ತೆಗೆದರೆ ಸಾಕು, ಉಳಿದವರ ಕ್ರಮ ಹಾಗೇ ಇರುತ್ತದೆ. ಮತ್ತೊಮ್ಮೆ ಆಯ್ಕೆ ಮಾಡುವ ಪ್ರಶ್ನೆಯೇ ಇಲ್ಲ. ಸೋತವರೂ ತಮ್ಮ ಫೋನಿನಲ್ಲೇ ನೋಡಬಹುದು. ಎಸ್‌ಎಚ್‌ಎ 256 ತೆಗೆದುಕೊಡುವ ಯಾವ ವೆಬ್‌ಸೈಟಿನಲ್ಲಾದರೂ ಆ ಎರಡು ಸಂಖ್ಯೆ, ನಡುವಿನ ಗೆರೆಗಳು, ತಮ್ಮ ಖಾತೆ ಹೆಸರು ಬರೆದರೆ ತಮ್ಮ ಬೆರಳಚ್ಚು ಬರುತ್ತದೆ. ಮೂರನೇ ವಿಜೇತರದ್ದಕ್ಕೆ ಹೋಲಿಸಿದರೆ ಆಯಿತು. ಇಲ್ಲಿ `9`ಕ್ಕಿಂತ `a` ದೊಡ್ಡದು, `f` ಎಲ್ಲಕ್ಕಿಂತ ದೊಡ್ಡದು ಎಂಬುದಷ್ಟು ಗೊತ್ತಿರಬೇಕು.

ಸಂಖ್ಯೆ ಬರೆಯುವ ರೀತಿಯನ್ನೂ ಮೊದಲೇ ಹೇಳಿರಬೇಕು. `82,345.67` ಎಂದು ಅಲ್ಪವಿರಾಮ ಹಾಕಿದರೆ ವಿಜೇತರೇ ಬದಲಾಗುತ್ತಾರೆ. `25234.10` ಬದಲು `25234.1` ಎಂದರೂ ಅಷ್ಟೇ. ಇದನ್ನು ನಂತರ ತೀರ್ಮಾನಿಸಲು ಬಿಟ್ಟರೆ ಅಂಗಡಿಯವರ ಕೈಗೆ ನಾಲ್ಕೈದು ಫಲಿತಾಂಶಗಳಲ್ಲಿ ಬೇಕಾದ್ದನ್ನು ಆರಿಸುವ ಅವಕಾಶ ಕೊಟ್ಟಂತೆ. ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಹಂಚುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮೆಸೇಜಿನಲ್ಲಿ ಪೇಸ್ಟ್ ಮಾಡಿದರೆ ಕಾಣದ ಸ್ಪೇಸ್, ಸಾಲಿನ ಕೊನೆಯ ಗುರುತು ಬದಲಾಗಿ ಫೈಲಿನ ಬೆರಳಚ್ಚು ಹೊಂದುವುದಿಲ್ಲ. ಜನ ಸುಮ್ನೆ ಗಾಬರಿಯಾಗುತ್ತಾರೆ.

ಈ ವಿಧಾನಕ್ಕೂ ಮಿತಿ ಇದೆ. ಅಂಗಡಿಯವರೇ ಗಡುವಿಗೆ ಮುಂಚೆ ನೂರು ನಕಲಿ ಖಾತೆ ತೆರೆದು ಕಾಮೆಂಟ್ ಹಾಕಿಸಿದ್ದರೆ ಯಾವ ಗಣಿತವೂ ತಡೆಯುವುದಿಲ್ಲ. ಪಟ್ಟಿ ಎಲ್ಲರ ಕಣ್ಣಿಗೆ ಬಿದ್ದಿರುವುದರಿಂದ ಅಂಥ ಹೆಸರುಗಳನ್ನು ಜನ ಗುರುತಿಸಬಹುದು, ಗೆದ್ದವರು ನಿಜವಾದ ಮನುಷ್ಯರೇ ಎಂದು ಕೇಳಬಹುದು.

ಕೋಡ್ ಎಂಟು ಹೆಸರು ಕೊಡುತ್ತದೆ: ಮೂವರು ವಿಜೇತರು, ಐವರು ಕಾಯ್ದಿರಿಸಿದವರು. ಫಾಲೋ ಮಾಡಿದ್ದಾರಾ, ಗಡುವಿನೊಳಗೆ ಬರೆದಿದ್ದಾರಾ ಎಂದು ಈ ಎಂಟು ಜನರದ್ದು ಮಾತ್ರ ಕೈಯಿಂದ ನೋಡಿದರೆ ಸಾಕು. ಒಬ್ಬರು 48 ಗಂಟೆಯೊಳಗೆ ಉತ್ತರಿಸದಿದ್ದರೆ ನಾಲ್ಕನೆಯವರಿಗೆ ಹೋಗುತ್ತದೆ. ಯಾಕೆ ಹೋಯಿತು ಎಂದು ಒಂದು ಸಾಲು ಬರೆದು ಪ್ರಕಟಿಸಿ. ಬಹುಮಾನದ ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹಾಗಾಗಿ ರೀಲ್ ಹಾಕಿದ ಅದೇ ಪೇಜಿನಲ್ಲಿ ಫಲಿತಾಂಶವೂ ಬರಲಿ. ಇಪ್ಪತ್ತನಾಲ್ಕು ಗಂಟೆಗೆ ಮಾಯವಾಗುವ ಸ್ಟೋರಿಯಲ್ಲಿ ಮಾತ್ರ ಹಾಕಿದರೆ ಸಾಲದು.

ಹೆಸರು ಘೋಷಣೆಯಾದ ಕೂಡಲೇ ಅಂಗಡಿಯ ಲೋಗೋ ಹಾಕಿಕೊಂಡ ನಕಲಿ ಖಾತೆಗಳು ಭಾಗವಹಿಸಿದವರಿಗೆಲ್ಲ "ನೀವು ಗೆದ್ದಿದ್ದೀರಿ, ಕೊರಿಯರ್ ಚಾರ್ಜ್ ಕಳಿಸಿ" ಎಂದು ಮೆಸೇಜ್ ಮಾಡಲು ಶುರು ಮಾಡುವುದುಂಟು. ಅದಕ್ಕೆ ಫಲಿತಾಂಶದ ಪೋಸ್ಟಿನಲ್ಲೇ ಬರೆಯಿರಿ: ನಾವು ದುಡ್ಡು ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ, ಗೆದ್ದ ಮೂವರೇ ನಮ್ಮ ಈ ಪೇಜಿಗೆ ಮೆಸೇಜ್ ಮಾಡಬೇಕು, ಜೀನ್ಸ್ ಅಂಗಡಿಗೆ ಬಂದು ಸೈಜ್ ನೋಡಿ ತೆಗೆದುಕೊಂಡು ಹೋಗಬಹುದು.